ನಂಬರ್ ಬೇರೆ, ಮೊತ್ತ ಬೇರೆ, ಬಿಲ್ ಮಾತ್ರ ಒಂದೇ

ಕಾಸರಗೋಡಿನ ಕಡೆ ಲೆಕ್ಕ ಬರೆಯುವವರ ಮೇಜಿಗೆ ಎರಡು ರಾಜ್ಯದ ಬಿಲ್ ಬರುತ್ತದೆ. ಪೈಪು, ಮೋಟಾರು ಮಂಗಳೂರಿನಿಂದ. ಗೊಬ್ಬರ ಒಮ್ಮೆ ಪುತ್ತೂರಿನಿಂದ, ಒಮ್ಮೆ ಕಾಸರಗೋಡು ಪೇಟೆಯಿಂದ. ಜಲ್ಲಿ, ಮುರಕಲ್ಲು ಊರಿನದ್ದೇ. ಕರ್ನಾಟಕದಿಂದ ಬಂದ ಮಾಲಿಗೆ ಐಜಿಎಸ್‌ಟಿ, ಕೇರಳದೊಳಗಿನದ್ದಕ್ಕೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಕೆಲವು ವ್ಯಾಪಾರಿಗಳಿಗೆ ಗಡಿಯ ಎರಡೂ ಕಡೆ ಅಂಗಡಿ ಇರುತ್ತದೆ. ಬಿಲ್ ಯಾವ ಅಂಗಡಿಯ ಹೆಸರಲ್ಲಿ ಬರುತ್ತದೆ ಎನ್ನುವುದು ಆ ದಿನ ಮಾಲು ಯಾವ ಗೋದಾಮಿನಲ್ಲಿತ್ತು ಎನ್ನುವುದರ ಮೇಲೆ ಹೋಗುತ್ತದೆ.

ಈಗ ಈ ಬಿಲ್ಲುಗಳನ್ನೆಲ್ಲ ಕಟ್ಟು ಮಾಡಿ ಒಟ್ಟಿಗೆ ಸ್ಕ್ಯಾನ್ ಮಾಡುವುದು ರೂಢಿ. ಸ್ಕ್ಯಾನಿನಿಂದ ಅಕ್ಷರ ಓದುವ ತಂತ್ರಾಂಶ ಹೆಸರು, ನಂಬರ್, ಮೊತ್ತ ತೆಗೆದು ಕೊಡುತ್ತದೆ. ಲೆಕ್ಕದ ತಂತ್ರಾಂಶ ಅದನ್ನು ಹಳೆಯ ಬಿಲ್ಲುಗಳ ಜೊತೆ ಹೋಲಿಸಿ, ಎರಡನೇ ಸಲ ಬಂದಿದ್ದರೆ ತಡೆಯಬೇಕು. ಹೆಚ್ಚಿನವು ನೋಡುವುದು ಮೂರೇ ಸಂಗತಿ: ವ್ಯಾಪಾರಿಯ ಕೋಡ್, ಬಿಲ್ ನಂಬರ್, ಮೊತ್ತ. ಮೂರೂ ತಾಳೆಯಾದರೆ ಕೆಂಪು ಗುರುತು. ಕೇಳುವಾಗ ಸಾಕು ಅನ್ನಿಸುತ್ತದೆ. ಆದರೆ ನಮ್ಮ ಕಡೆಯ ಬಿಲ್ಲಿನಲ್ಲಿ ಈ ಮೂರೂ ಒಂದೇ ಸಲ ಜಾರಿಹೋಗಬಹುದು. ಅದೂ ಯಾರೂ ಮೋಸ ಮಾಡದೆ!

ಒಂದು ಉದಾಹರಣೆ ಕಟ್ಟಿ ನೋಡೋಣ. ಕುಂಬಳೆ ಕಡೆಯ ಒಂದು ಸಂಘ ಮಂಗಳೂರಿನ ವ್ಯಾಪಾರಿಯಿಂದ ಪಿವಿಸಿ ಪೈಪು ತರಿಸುತ್ತದೆ. ಬಿಲ್ ನಂಬರ್ PV/25-26/0187, ತಾರೀಕು 22-05-2025. ಮಾಲಿನ ಬೆಲೆ 84,600 ರೂಪಾಯಿ, ಶೇಕಡಾ 18ರಂತೆ ಐಜಿಎಸ್‌ಟಿ 15,228. ಒಟ್ಟು 99,828. ಮೊತ್ತ 50,000 ದಾಟಿದ್ದರಿಂದ ಲಾರಿಯ ಜೊತೆ ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ಲೂ ಇದೆ.

ಸರಕಿನ ಬಿಲ್ಲನ್ನು ಜಿಎಸ್‌ಟಿ ನಿಯಮದ ಪ್ರಕಾರ ಮೂರು ಪ್ರತಿ ಮಾಡಬೇಕು. ಮೂಲ ಪ್ರತಿ ಕೊಂಡವರಿಗೆ, ಎರಡನೆಯದು ಸಾಗಿಸುವವರಿಗೆ, ಮೂರನೆಯದು ಮಾರಿದವರಿಗೆ. ಲಾರಿಯಲ್ಲಿ ಬಂದದ್ದು ಸಾಗಿಸುವವರ ಪ್ರತಿ. ಗೋದಾಮಿನವರು ಪೈಪು ಎಣಿಸಿದರು, ಎರಡು ಒಡೆದಿತ್ತು. ಬಿಲ್ಲಿನ ಮೇಲೆಯೇ ಪೆನ್ನಿನಲ್ಲಿ ಬರೆದು, ಸಹಿ ಹಾಕಿ, ಆಫೀಸಿಗೆ ಕಳಿಸಿದರು. ಕ್ಲರ್ಕ್ ಒಡೆದದ್ದರ ಬಾಬ್ತು ತೆರಿಗೆ ಸೇರಿ 2,360 ಕಳೆದು, 97,468 ರೂಪಾಯಿಯ ಬಿಲ್ ಅಂತಲೇ ನಮೂದಿಸಿದರು. ಹಣ ಹೋಯಿತು.

ಜೂನ್ ಕೊನೆಗೆ ವ್ಯಾಪಾರಿಯ ಕಡೆಯ ಹುಡುಗ ಬಾಕಿ ಕೇಳಿಕೊಂಡು ಬಂದ. ಅವರ ಪುಸ್ತಕದಲ್ಲಿ 2,360 ಇನ್ನೂ ಬಾಕಿ ತೋರಿಸುತ್ತಿದೆ, ಹಾಗಾಗಿ ಬಿಲ್ ಮುಗಿದಿಲ್ಲ. ಅವನು ಮೂಲ ಪ್ರತಿಯ ಜೆರಾಕ್ಸ್ ಕೊಟ್ಟುಹೋದ. ಅದು ಆ ವಾರದ ಕಟ್ಟಿನೊಳಗೆ ಸೇರಿ ಸ್ಕ್ಯಾನ್ ಆಯಿತು. ಜೆರಾಕ್ಸ್ ಮಸುಕಾಗಿದ್ದರಿಂದ ಯಂತ್ರ ಸೊನ್ನೆಯನ್ನು ಇಂಗ್ಲಿಷಿನ ಓ ಅಂತ ಓದಿತು: PV/25-26/O187. ಮೊತ್ತ ಸರಿಯಾಗಿಯೇ ಓದಿತು, 99,828. ವ್ಯಾಪಾರಿಯ ಹೆಸರು ಹುಡುಕಿದಾಗ ಅದೇ ಹೆಸರಿನ ಎರಡು ಖಾತೆ ಕಂಡವು, ಮಂಗಳೂರಿನದ್ದು ಒಂದು, ಗಡಿಯ ಈಚೆ ಉಪ್ಪಳದ ಅಂಗಡಿಯದ್ದು ಒಂದು. ಹುಡುಗ ಬಂದದ್ದು ಉಪ್ಪಳದಿಂದ. ಕ್ಲರ್ಕ್ ಉಪ್ಪಳವನ್ನು ಒತ್ತಿದರು.

ಈಗ ಕೋಡ್ ಬೇರೆ, ನಂಬರ್ ಬೇರೆ, ಮೊತ್ತ ಬೇರೆ. ತಂತ್ರಾಂಶದ ಕಣ್ಣಿಗೆ ಇದು ಹೊಚ್ಚ ಹೊಸ ಬಿಲ್. ಇಲ್ಲಿ ಯಾರನ್ನು ಬೈಯುವುದು? ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದ್ದಾರೆ. ತಪ್ಪಿರುವುದು ಹೋಲಿಸುವ ವಿಧಾನದಲ್ಲಿ. ಮೂರನ್ನೂ ಒಂದೊಂದಾಗಿ ತೆಗೆದುಕೊಂಡರೆ ಸರಿಪಡಿಸುವ ದಾರಿ ಇದೆ.

ಮೊದಲು ವ್ಯಾಪಾರಿಯ ಗುರುತು. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ್ದು: ಕರ್ನಾಟಕಕ್ಕೆ 29, ಕೇರಳಕ್ಕೆ 32. ಮುಂದಿನ ಹತ್ತು ಅಕ್ಷರ ಆ ವ್ಯಾಪಾರಿಯ ಪ್ಯಾನ್. ಮಂಗಳೂರಿನ ಅಂಗಡಿಗೂ ಉಪ್ಪಳದ ಅಂಗಡಿಗೂ ಒಬ್ಬರೇ ಮಾಲೀಕರಾದರೆ ಮೊದಲ ಎರಡು ಅಂಕಿ ಬೇರೆ, ನಡುವಿನ ಹತ್ತು ಒಂದೇ. ಹಾಗಾಗಿ ಹೋಲಿಸಬೇಕಾದ್ದು ನಮ್ಮ ತಂತ್ರಾಂಶ ಕೊಟ್ಟ ಕೋಡನ್ನಲ್ಲ, ಇಡೀ ಜಿಎಸ್‌ಟಿ ನಂಬರನ್ನೂ ಅಲ್ಲ. ಆ ಹತ್ತು ಅಕ್ಷರಗಳನ್ನು. ಒಂದೇ ಪ್ಯಾನಿನ ಬಿಲ್ಲುಗಳನ್ನೆಲ್ಲ ಒಂದು ಗುಂಪು ಮಾಡಿ, ಆ ಗುಂಪಿನೊಳಗೇ ಹುಡುಕಬೇಕು. ಇದರಿಂದ ಕೆಲಸವೂ ಕಡಿಮೆ. 300 ಬಿಲ್ಲುಗಳ ಕಟ್ಟಿನಲ್ಲಿ ಪ್ರತಿಯೊಂದನ್ನೂ ಉಳಿದೆಲ್ಲದರ ಜೊತೆ ಹೋಲಿಸಿದರೆ 44,850 ಜೋಡಿ ಆಗುತ್ತದೆ. ಗುಂಪು ಮಾಡಿದರೆ ಕೆಲವು ನೂರಕ್ಕೆ ಇಳಿಯುತ್ತದೆ. ಜಿಎಸ್‌ಟಿ ನಂಬರಿನ ಕೊನೆಯ ಅಕ್ಷರ ಬರೀ ತಾಳೆಗೆ ಇರುವಂಥದ್ದು, ಮೊದಲ 14ನ್ನು ಲೆಕ್ಕ ಹಾಕಿ ಬರುವುದು. ಸ್ಕ್ಯಾನಿನಲ್ಲಿ ಒಂದು ಅಕ್ಷರ ತಪ್ಪಿ ಓದಿದ್ದರೆ ಅದರಿಂದ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ. ಈ ತಾಳೆ ನೋಡದೆ ಮುಂದೆ ಹೋಗಬಾರದು.

ಆಮೇಲೆ ಬಿಲ್ ನಂಬರ್. ನಿಯಮ ಹೇಳುವುದು ಇಷ್ಟು: ಹೆಚ್ಚೆಂದರೆ 16 ಅಕ್ಷರ, ಅಂಕಿ, ಅಕ್ಷರ, ಅಡ್ಡಗೆರೆ, ಓರೆಗೆರೆ ಇರಬಹುದು, ಒಂದು ಆರ್ಥಿಕ ವರ್ಷದಲ್ಲಿ ಪುನಃ ಬರಬಾರದು. ಅಂದರೆ ಮುಂದಿನ ವರ್ಷ ಅದೇ ನಂಬರ್ ಬಂದರೆ ತಪ್ಪಿಲ್ಲ. ವರ್ಷ ಸೇರಿಸದೆ ಸುಮ್ನೆ 187 ಅಂತ ಬರೆಯುವ ಅಂಗಡಿಗಳು ಎಷ್ಟೋ ಇವೆ. ಆದ್ದರಿಂದ ನಂಬರಿನ ಜೊತೆ ಆರ್ಥಿಕ ವರ್ಷವನ್ನು ಕಟ್ಟಲೇಬೇಕು. ನಂಬರನ್ನು ಹೋಲಿಸುವ ಮೊದಲು ಒಂದು ಹದಕ್ಕೆ ತರಬೇಕು. ಯಂತ್ರ ಅದಲುಬದಲು ಮಾಡುವ ಅಕ್ಷರಗಳನ್ನು ಒಂದಾಗಿಸುವುದು, ಗೆರೆಗಳನ್ನು ಒಂದೇ ತರ ಮಾಡುವುದು, ಮುಂದಿನ ಸೊನ್ನೆ ತೆಗೆಯುವುದು. ಪೈಥಾನ್ ಗೊತ್ತಿದ್ದವರಿಗೆ ಐದು ಸಾಲಿನ ಕೆಲಸ:

```python
import re
def bill_key(no):
    s = no.upper().translate(str.maketrans("OILSB", "01158"))
    parts = re.split(r"[^A-Z0-9]+", s)
    return "-".join(p.lstrip("0") or "0" for p in parts if p)
```

ಇದಕ್ಕೆ PV/25-26/0187 ಕೊಟ್ಟರೂ PV/25-26/O187 ಕೊಟ್ಟರೂ ಬರುವುದು PV-25-26-187. ಗೆರೆಗಳನ್ನು ಪೂರ್ತಿ ಕಿತ್ತು ಹಾಕುವವರೂ ಇದ್ದಾರೆ. ಅದು ಬೇಡ. 1/12 ಮತ್ತು 11/2 ಎರಡೂ 112 ಆಗಿಬಿಡುತ್ತವೆ, ಸುಳ್ಳು ಎಚ್ಚರಿಕೆ ಜಾಸ್ತಿಯಾಗುತ್ತದೆ. ಇದಕ್ಕೂ ಒಂದು ಮಿತಿ ಇದೆ. ಒಂದು ಸಲ ಪೂರ್ತಿ ನಂಬರ್ ಬರೆದು ಇನ್ನೊಂದು ಸಲ ಬರೀ 187 ಅಂತ ಬರೆದಿದ್ದರೆ ಇದು ಹಿಡಿಯುವುದಿಲ್ಲ. ಅದಕ್ಕಾಗಿ ಕೊನೆಯ ಅಂಕಿಗಳನ್ನು ಮಾತ್ರ ಹೋಲಿಸುವ ಇನ್ನೊಂದು ಸುತ್ತು ಇಟ್ಟುಕೊಳ್ಳಬಹುದು. ಆದರೆ ಆ ಸುತ್ತಿನಲ್ಲಿ ಮೊತ್ತವೂ ಕೂಡಿಬಂದರೆ ಮಾತ್ರ ಗುರುತು ಹಾಕಬೇಕು.

ಮೂರನೆಯದು ಮೊತ್ತ. ಹೆಚ್ಚು ಎಡವುವುದು ಇಲ್ಲಿ ಅಂತ ನನ್ನ ಅಂದಾಜು. ಬಿಲ್ಲಿನಲ್ಲಿ ಅಚ್ಚಾದ ಮೊತ್ತ ಬೇರೆ, ನಾವು ಪಾಸ್ ಮಾಡಿದ ಮೊತ್ತ ಬೇರೆ. ಒಡೆದದ್ದು, ಕಡಿಮೆ ಬಂದದ್ದು, ಲಾರಿ ಬಾಡಿಗೆ, ಟಿಡಿಎಸ್ ಎಲ್ಲ ಕೂಡಿ ಕಳೆದು ಪಾಸ್ ಆಗುತ್ತದೆ. ಒಂದೇ ಅಂಕಣದಲ್ಲಿ ಎರಡನ್ನೂ ತುರುಕಿದರೆ ಹೋಲಿಕೆ ಅಲ್ಲಿಗೇ ಮುಗಿಯಿತು. ಅಚ್ಚಾದದ್ದನ್ನು ಒಂದು ಅಂಕಣದಲ್ಲಿ, ಕೊಟ್ಟದ್ದನ್ನು ಇನ್ನೊಂದರಲ್ಲಿ ಇಡಬೇಕು. ಹೋಲಿಸುವಾಗ ಒಟ್ಟು ಮೊತ್ತಕ್ಕಿಂತ ತೆರಿಗೆಗೆ ಮುಂಚಿನ ಬೆಲೆ ಒಳ್ಳೆಯದು. ನಮ್ಮ ಉದಾಹರಣೆಯಲ್ಲಿ ಅದು 84,600. ಮೊದಲ ಸ್ಕ್ಯಾನಿನಲ್ಲೂ ಅದೇ, ಎರಡನೆಯದರಲ್ಲೂ ಅದೇ. ಪ್ಯಾನ್ ಒಂದು, ಹದಗೊಳಿಸಿದ ನಂಬರ್ ಒಂದು, ತೆರಿಗೆಗೆ ಮುಂಚಿನ ಬೆಲೆ ಒಂದು. ಬಿಲ್ ಸಿಕ್ಕಿಬಿತ್ತು.

ತೆರಿಗೆಗೆ ಮುಂಚಿನ ಬೆಲೆ ಯಾಕೆ ಅನ್ನುವುದಕ್ಕೆ ಗಡಿಯಲ್ಲಿ ಇನ್ನೊಂದು ಕಾರಣ ಇದೆ. ಮಂಗಳೂರಿನ ಅಂಗಡಿಯ ಹುಡುಗ ಅಭ್ಯಾಸದಂತೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿ ಬಿಲ್ ಮಾಡುತ್ತಾನೆ. ಮಾಲು ತಲಪ್ಪಾಡಿ ದಾಟುವಷ್ಟರಲ್ಲಿ ಯಾರಿಗೋ ನೆನಪಾಗುತ್ತದೆ, ಇದು ಕೇರಳಕ್ಕೆ ಹೋಗುವುದಲ್ವಾ, ಐಜಿಎಸ್‌ಟಿ ಬೇಕಿತ್ತಲ್ಲ ಅಂತ. ಆ ಬಿಲ್ಲಿನ ನಂಬರ್ 0187 ಅಂತಿಟ್ಟುಕೊಳ್ಳಿ, ಅದನ್ನು ರದ್ದು ಮಾಡಿ 0188 ಮಾಡುತ್ತಾರೆ. ಲಾರಿಯಲ್ಲಿ ಬಂದ ಕಾಗದದಲ್ಲಿ 0187 ಇರುತ್ತದೆ, ಇಮೇಲಿನಲ್ಲಿ ಬಂದದ್ದರಲ್ಲಿ 0188. ಎರಡೂ ಸ್ಕ್ಯಾನ್ ಆಗುತ್ತವೆ. ಎರಡೂ ಅಸಲಿ ಬಿಲ್ಲಿನಂತೆಯೇ ಕಾಣುತ್ತವೆ. ನಂಬರ್ ಬೇರೆ, ತೆರಿಗೆಯ ಅಂಕಣ ಬೇರೆ. ಒಂದೇ ಆಗಿ ಉಳಿದದ್ದು ಮಾಲಿನ ಸಾಲುಗಳು ಮತ್ತು ಅವುಗಳ ಬೆಲೆ. ಆದ್ದರಿಂದ ಒಂದೇ ಪ್ಯಾನ್, ತೆರಿಗೆಗೆ ಮುಂಚಿನ ಬೆಲೆ ಒಂದೇ, ತಾರೀಕಿನಲ್ಲಿ ನಾಲ್ಕಾರು ದಿನದ ಅಂತರ ಇದ್ದರೆ, ನಂಬರ್ ಬೇರೆ ಇದ್ದರೂ ನಿಲ್ಲಿಸಿ ನೋಡಬೇಕು.

ಇ-ಇನ್‌ವಾಯ್ಸ್ ಇದ್ದರೆ ಇದೆಲ್ಲ ತಾಪತ್ರಯ ಇಲ್ಲ ಅನ್ನುವವರಿದ್ದಾರೆ. ಅರ್ಧ ಸರಿ. 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿಗಿಂತ ಜಾಸ್ತಿ ವಹಿವಾಟಿರುವವರು ಇನ್ನೊಂದು ವ್ಯಾಪಾರಿ ಸಂಸ್ಥೆಗೆ ಮಾರುವಾಗ ಇ-ಇನ್‌ವಾಯ್ಸ್ ಮಾಡಬೇಕು. ಅದರಲ್ಲಿ ಆ ಬಿಲ್ಲಿನ ಗುರುತಾಗಿ 64 ಅಕ್ಷರದ ಐಆರ್‌ಎನ್ ಇರುತ್ತದೆ. ಮಾರುವವರ ಜಿಎಸ್‌ಟಿ ನಂಬರ್, ಆರ್ಥಿಕ ವರ್ಷ, ಕಾಗದದ ಬಗೆ, ಬಿಲ್ ನಂಬರ್ ಈ ನಾಲ್ಕರಿಂದ ಅದು ಹುಟ್ಟುತ್ತದೆ. ಕ್ಯೂಆರ್ ಕೋಡಿನೊಳಗೆ ಇಬ್ಬರ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಕು, ಮೊತ್ತ ಎಲ್ಲ ಇರುತ್ತದೆ. ಅಕ್ಷರ ಓದಿಸುವ ಬದಲು ಕ್ಯೂಆರ್ ಓದಿಸಿದರೆ ಸೊನ್ನೆಯೋ ಓವೋ ಎಂಬ ಗೊಂದಲವೇ ಇಲ್ಲ. ಇದನ್ನು ಮಾಡದೆ ಬಿಡುವುದು ನನ್ನ ಪ್ರಕಾರ ಸೋಮಾರಿತನ. 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಚೊಕ್ಕವಾಗಿ ಅಚ್ಚಾದ ಕ್ಯೂಆರ್ ಸಾಮಾನ್ಯವಾಗಿ ಓದುತ್ತದೆ. ಜೆರಾಕ್ಸಿನ ಜೆರಾಕ್ಸ್ ಆದರೆ ಖಾತ್ರಿ ಇಲ್ಲ.

ಉಳಿದರ್ಧ ಏನು ಅಂದರೆ, ಐಆರ್‌ಎನ್ ಹೇಳುವುದು ಈ ನಂಬರಿನ ಬಿಲ್ ಒಂದೇ ಇದೆ ಅಂತ. ಈ ಮಾಲಿಗೆ ಒಂದೇ ಬಿಲ್ ಇದೆ ಅಂತ ಹೇಳುವುದಿಲ್ಲ. ಮೇಲೆ ಹೇಳಿದ 0187 ಮತ್ತು 0188 ಎರಡಕ್ಕೂ ಬೇರೆ ಬೇರೆ ಐಆರ್‌ಎನ್ ಇರುತ್ತದೆ. 24 ಗಂಟೆಯೊಳಗೆ ರದ್ದು ಮಾಡಿದ ಐಆರ್‌ಎನ್ ಕಾಗದದ ಮೇಲೆ ರದ್ದಾದಂತೆ ಕಾಣುವುದಿಲ್ಲವಲ್ಲ. ಪೋರ್ಟಲಿನಲ್ಲಿ ನೋಡಬೇಕು. ಜಿಎಸ್‌ಟಿಆರ್-2ಬಿ ಎಂಬ ಖರೀದಿ ಪಟ್ಟಿ ಕೂಡ ಸಹಾಯಕ್ಕೆ ಬರುತ್ತದೆ, ಮಾರಿದವರು ತೋರಿಸಿದ ಬಿಲ್ ಅಲ್ಲಿ ಒಂದೇ ಸಲ ಇರುತ್ತದೆ. ಆದರೆ ಅದು ಬರುವುದು ಮುಂದಿನ ತಿಂಗಳ 14ಕ್ಕೆ. ಅಷ್ಟರಲ್ಲಿ ಹಣ ಹೋಗಿರುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಅಂಗಡಿಗಳ ಬಿಲ್ ಅದರಲ್ಲಿ ಬರುವುದೂ ಇಲ್ಲ.

ಸ್ಕ್ಯಾನಿನ ಚಿತ್ರವನ್ನೇ ಹೋಲಿಸಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಕಡತದ ಹ್ಯಾಶ್, ಅಂದರೆ ಕಡತದೊಳಗಿನದ್ದನ್ನೆಲ್ಲ ಲೆಕ್ಕ ಹಾಕಿ ಬರುವ ಗುರುತು, ಹೋಲಿಸಿದರೆ ಉಪಯೋಗ ಕಡಿಮೆ. ಅದೇ ಕಾಗದವನ್ನು ಇನ್ನೊಂದು ಸಲ ಸ್ಕ್ಯಾನ್ ಮಾಡಿದರೆ ಹ್ಯಾಶ್ ಬದಲಾಗುತ್ತದೆ. ಅದೇ ಪಿಡಿಎಫ್ ಎರಡು ಸಲ ಇಮೇಲಿನಲ್ಲಿ ಬಂದರೆ ಮಾತ್ರ ಸಿಗುತ್ತದೆ. ಕಣ್ಣಿಗೆ ಒಂದೇ ತರ ಕಾಣುವ ಚಿತ್ರಗಳನ್ನು ಹಿಡಿಯುವ ಬೇರೆ ತರದ ಹ್ಯಾಶ್ ಇದೆ. ಅದರ ತೊಂದರೆ ಉಲ್ಟಾ. ಒಂದೇ ಅಂಗಡಿಯ ಹತ್ತು ಬಿಲ್ಲುಗಳು ಒಂದೇ ನಮೂನೆಯಲ್ಲಿ ಅಚ್ಚಾಗಿರುತ್ತವೆ. ಅದೇ ತಲೆಬರಹ, ಅದೇ ಚೌಕ, ಅದೇ ಸೀಲು. ಚಿತ್ರ ಹೋಲಿಸುವ ಯಂತ್ರಕ್ಕೆ ಹತ್ತೂ ಒಂದೇ. ಬಿಲ್ಲಿನಲ್ಲಿ ವ್ಯತ್ಯಾಸ ಇರುವುದು ಸಣ್ಣ ಅಂಕಿಗಳಲ್ಲಿ, ಅದನ್ನೇ ಅದು ಗಮನಿಸುವುದಿಲ್ಲ. ಹಾಗಾಗಿ ಚಿತ್ರದ ಹೋಲಿಕೆಯನ್ನು ನಾನು ಕೊನೆಗೆ ಇಡುತ್ತೇನೆ. ಬೇರೆ ಸಂಗತಿ ತಾಳೆಯಾಗಿ ಅನುಮಾನ ಬಂದಾಗ ಎರಡನ್ನೂ ಪರದೆಯಲ್ಲಿ ಪಕ್ಕ ಪಕ್ಕ ಇಟ್ಟು ನೋಡುವುದಕ್ಕೆ. ಆಗ ಸೀಲು ಬಿದ್ದ ಜಾಗ, ಸಹಿ ಓರೆಯಾದ ರೀತಿ, ಮಡಿಕೆಯ ಗೆರೆ ಎರಡರಲ್ಲೂ ಒಂದೇ ಇದ್ದರೆ ಕಾಗದ ಒಂದೇ. ಕೈಯಲ್ಲಿ ಎರಡು ಸಲ ಹೊಡೆದ ಸೀಲು ಒಂದೇ ಜಾಗಕ್ಕೆ, ಒಂದೇ ಓರೆಯಲ್ಲಿ ಬೀಳುವುದು ತೀರಾ ಅಪರೂಪ.

ಇಷ್ಟು ಹೊತ್ತು ಹೇಳಿದ್ದು ಮೋಸ ಇಲ್ಲದ ಪುನರಾವರ್ತನೆ. ಬೇಕೆಂದೇ ಎರಡನೇ ಸಲ ತರುವವರು ನಂಬರ್ ಬದಲಿಸುತ್ತಾರೆ, ಮೊತ್ತವನ್ನು ಐವತ್ತೋ ನೂರೋ ಆಚೀಚೆ ಮಾಡುತ್ತಾರೆ. ಪ್ಯಾನ್ ಬಿಟ್ಟರೆ ಏನೂ ತಾಳೆಯಾಗುವುದಿಲ್ಲ. ಆಗ ಬಿಲ್ಲನ್ನು ಬಿಟ್ಟು ಮಾಲಿನ ಹಿಂದೆ ಹೋಗಬೇಕು. ಜಲ್ಲಿಯ ಲೆಕ್ಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಂದು ಲೋಡಿನ ಬಿಲ್ 50,000ದ ಒಳಗೇ ಇರುವುದರಿಂದ ಇ-ವೇ ಬಿಲ್ ಇರುವುದಿಲ್ಲ. ಆದರೆ ತೂಕದ ಚೀಟಿ ಪಿನ್ ಮಾಡಿರುತ್ತಾರೆ. ಅದರಲ್ಲಿ ಚೀಟಿಯ ನಂಬರ್, ಲಾರಿ ನಂಬರ್, ತುಂಬಿದ ತೂಕ, ಖಾಲಿ ತೂಕ, ಗಂಟೆ ನಿಮಿಷ. ಬಿಲ್ಲನ್ನು ಹೊಸದಾಗಿ ಮಾಡುವುದು ಸುಲಭ, ತೂಕದ ಚೀಟಿ ಹೊಸದಾಗಿ ಮಾಡಿಸುವುದು ಅಷ್ಟು ಸುಲಭ ಅಲ್ಲ. ಹಾಗಾಗಿ ಹಳೆಯ ಚೀಟಿಯ ಜೆರಾಕ್ಸನ್ನೇ ಹೊಸ ಬಿಲ್ಲಿಗೆ ಸಿಕ್ಕಿಸುತ್ತಾರೆ.

ಹೀಗಿಟ್ಟುಕೊಳ್ಳಿ: ಮೇ 6ರ ಬಿಲ್ಲಿನ ಚೀಟಿಯಲ್ಲಿ ತುಂಬಿದ ತೂಕ 15,860 ಕಿಲೋ, ಖಾಲಿ 6,240, ನಿವ್ವಳ 9,620. ಮೇ 19ರ ಇನ್ನೊಂದು ಬಿಲ್ಲಿಗೆ ಸಿಕ್ಕಿಸಿದ ಚೀಟಿಯಲ್ಲೂ ಅದೇ ಲಾರಿ, ಅದೇ 15,860, ಅದೇ 6,240. ತಾರೀಕಿನ ಜಾಗದಲ್ಲಿ ಸೀಲು ಬಿದ್ದು ಓದಲಾಗುವುದಿಲ್ಲ. ಇಲ್ಲಿ ನಿವ್ವಳ ತೂಕ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು. ಲಾರಿ ತೂಗುವ ವೇ ಬ್ರಿಡ್ಜುಗಳು 5 ಅಥವಾ 10 ಕಿಲೋದ ಲೆಕ್ಕದಲ್ಲಿ ತೋರಿಸುತ್ತವೆ. ಒಂದೇ ಲಾರಿ ದಿನಕ್ಕೆ ಮೂರು ಸಲ ಓಡಿದರೆ ನಿವ್ವಳ ಒಂದೇ ಬರುವುದು ಆಗುವಂಥದ್ದೇ. ತುಂಬಿದ್ದು, ಖಾಲಿ ಎರಡೂ ಕೂಡಿಬಂದರೆ ಅನುಮಾನ ಗಟ್ಟಿ. ಖಾಲಿ ಲಾರಿಯ ತೂಕವೂ ಡೀಸೆಲ್, ಕ್ಲೀನರ್, ಮಳೆಗೆ ನೆನೆದ ಟಾರ್ಪಾಲು ಅಂತ ದಿನ ದಿನ ಬದಲಾಗುತ್ತದೆ. ಕೆಲವು ಕಡೆ ಖಾಲಿ ತೂಕವನ್ನು ಒಂದು ಸಲ ತೂಗಿ ಅದನ್ನೇ ಉಳಿಸಿಕೊಂಡಿರುತ್ತಾರೆ, ಅದನ್ನು ಕೇಳಿ ತಿಳಿದುಕೊಳ್ಳಬೇಕು. ಚೀಟಿಯ ನಂಬರೂ ಸಮಯವೂ ಒಂದೇ ಆದರೆ ಮತ್ತೆ ಮಾತಿಲ್ಲ.

ಇದಕ್ಕಾಗಿ ಬಿಲ್ಲಿನ ಜೊತೆ ಚೀಟಿಯನ್ನೂ ಸ್ಕ್ಯಾನ್ ಮಾಡಿ, ಅದರ ಅಂಕಿಗಳಿಗೂ ಅಂಕಣ ಮಾಡಬೇಕು. ಹೆಚ್ಚಿನ ಕಡೆ ಚೀಟಿ ಬಿಲ್ಲಿನ ಹಿಂದೆ ಮಡಚಿಕೊಂಡು ಸ್ಕ್ಯಾನರಿಗೆ ಬರುವುದೇ ಇಲ್ಲ. ತೂಕದ ಚೀಟಿಗಳು ಹೆಚ್ಚಾಗಿ ಶಾಖದಿಂದ ಅಚ್ಚಾಗುವ ಕಾಗದದವು, ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿಯಾಗುತ್ತವೆ. ಬಂದ ದಿನವೇ ಸ್ಕ್ಯಾನ್ ಮಾಡದಿದ್ದರೆ ಆಮೇಲೆ ಓದಲು ಏನೂ ಉಳಿಯುವುದಿಲ್ಲ.

ಸುಳ್ಳು ಎಚ್ಚರಿಕೆಯ ಮಾತೂ ಹೇಳಬೇಕು, ಯಾಕೆಂದರೆ ಅದು ಜಾಸ್ತಿಯಾದರೆ ಕ್ಲರ್ಕ್ ನೋಡದೆಯೇ ಸರಿ ಒತ್ತಲು ಶುರು ಮಾಡುತ್ತಾರೆ. ಮುರಕಲ್ಲು ಒಳ್ಳೆಯ ಉದಾಹರಣೆ. ಒಂದು ಲಾರಿಗೆ ಇಷ್ಟೇ ಕಲ್ಲು, ಒಂದು ಕಲ್ಲಿಗೆ ಇಷ್ಟೇ ದರ. ಒಂದೇ ದಿನ ನಾಲ್ಕು ಲೋಡು ಬಂದರೆ ನಾಲ್ಕು ಬಿಲ್, ಒಂದೇ ಮೊತ್ತ, ಸಾಲು ನಂಬರ್. ಮೇಲಿನ ಸೂತ್ರ ಹಾಕಿದರೆ ನಾಲ್ಕಕ್ಕೂ ಕೆಂಪು ಗುರುತು ಬೀಳುತ್ತದೆ. ಇಂಥ ವ್ಯಾಪಾರಿಗಳಿಗೆ ಮೊತ್ತದ ಹೋಲಿಕೆ ಬಿಟ್ಟು ಗೋದಾಮಿನ ಪುಸ್ತಕದ ನಮೂದಿನ ಜೊತೆ ಹೋಲಿಸಬೇಕು. ಲಾರಿ ಒಳಗೆ ಬಂದ ಪ್ರತಿ ನಮೂದಿಗೆ ಒಂದು ನಂಬರ್, ಆ ನಂಬರಿಗೆ ಒಂದೇ ಬಿಲ್. ಎರಡನೇ ಬಿಲ್ ಅದೇ ನಮೂದನ್ನು ಕೇಳಿದರೆ ಸಿಗಬಾರದು. ಬಾಡಿಗೆ, ಕಾವಲುಗಾರರ ಬಿಲ್, ಜೆರಾಕ್ಸ್ ಯಂತ್ರದ ನಿರ್ವಹಣೆ ಇವೆಲ್ಲ ತಿಂಗಳಿಗೊಮ್ಮೆ ಒಂದೇ ಮೊತ್ತಕ್ಕೆ ಬರುವಂಥವು. ಅಲ್ಲಿ ಯಾವ ತಿಂಗಳಿನದು ಅನ್ನುವುದನ್ನು ಓದಿಸಿ ಹೋಲಿಸಬೇಕು.

ಕಟ್ಟಿನೊಳಗೆ ಬಿಲ್ಲೇ ಅಲ್ಲದ ಕಾಗದವೂ ಸೇರಿಕೊಳ್ಳುತ್ತದೆ. ವ್ಯಾಪಾರಿ ಕೊಡುವ ಬಾಕಿ ಪಟ್ಟಿ, ಮಾಲು ಕಳಿಸುವ ಮುಂಚೆ ಕೊಡುವ ಪ್ರೊಫಾರ್ಮಾ, ಎರಡು ಪುಟದ ಬಿಲ್ಲಿನ ಎರಡನೇ ಪುಟ. ಇವುಗಳಲ್ಲಿ ಪ್ರೊಫಾರ್ಮಾ ಅಪಾಯದ್ದು. ಅದನ್ನು ನೋಡಿ ಮುಂಗಡ ಕೊಟ್ಟಿರುತ್ತಾರೆ, ಆಮೇಲೆ ಬೇರೆ ನಂಬರಿನ ಅಸಲಿ ಬಿಲ್ ಬಂದಾಗ ಪೂರ್ತಿ ಮೊತ್ತ ಪಾಸ್ ಆಗುತ್ತದೆ. ಮುಂಗಡವನ್ನು ಖರೀದಿ ಆದೇಶದ ನಂಬರಿಗೆ ಕಟ್ಟಿಟ್ಟಿದ್ದರೆ ಮಾತ್ರ ಇದು ತಪ್ಪುತ್ತದೆ.

ಹೋಲಿಕೆ ಈ ಕಟ್ಟಿನೊಳಗೆ ಮಾತ್ರ ನಡೆದರೆ ಸಾಲದು. ಪೈಪಿನ ಬಿಲ್ ಒಂದು ತಿಂಗಳ ನಂತರ ಬಂತು. ಈ ಆರ್ಥಿಕ ವರ್ಷದ್ದು, ಹಿಂದಿನ ವರ್ಷದ್ದು ಎರಡರ ಪಾವತಿ ಪುಸ್ತಕವನ್ನೂ ಎದುರಿಟ್ಟುಕೊಂಡು ನೋಡಬೇಕು. ಮಾರ್ಚಿನಲ್ಲಿ ವಿಶೇಷವಾಗಿ. ಸಣ್ಣ ತಯಾರಕರಿಗೆ, ಸೇವೆ ಕೊಡುವ ಸಣ್ಣ ಸಂಸ್ಥೆಗಳಿಗೆ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. 2023-24ರಿಂದ, ಆ ಗಡುವು ಮೀರಿ ವರ್ಷದ ಕೊನೆಗೆ ಬಾಕಿ ಉಳಿದದ್ದನ್ನು ಆ ವರ್ಷದ ಖರ್ಚಾಗಿ ಆದಾಯ ತೆರಿಗೆಯಲ್ಲಿ ತೋರಿಸಲಾಗುವುದಿಲ್ಲ. ಇದರಿಂದ ಮಾರ್ಚಿನಲ್ಲಿ ಎರಡೂ ಕಡೆ ಅವಸರ. ವ್ಯಾಪಾರಿ ಇಮೇಲ್, ವಾಟ್ಸಾಪ್, ಕೈಯಲ್ಲಿ ಅಂತ ಮೂರು ದಾರಿಯಲ್ಲಿ ಒಂದೇ ಬಿಲ್ ಕಳಿಸುತ್ತಾರೆ. ಕೊಡುವವರಿಗೂ ಒಮ್ಮೆ ಮುಗಿಸಿಬಿಟ್ಟರೆ ಸಾಕು ಅನ್ನಿಸಿರುತ್ತದೆ.

ಗುರುತು ಬಿದ್ದ ಮೇಲೆ ಏನು? ಬಿಲ್ಲನ್ನು ತಿರಸ್ಕರಿಸುವ ಮೊದಲು ವ್ಯಾಪಾರಿಗೆ ಒಂದು ಫೋನ್ ಸಾಕು. "ನಿಮ್ಮ 187ಕ್ಕೆ ಮೇಯಲ್ಲೇ ಕೊಟ್ಟಾಗಿದೆ ಮಾರಾಯ್ರೇ, ಪುಸ್ತಕ ನೋಡಿ" ಅಂದರೆ, "ಹೌದು, ಆದರೆ 2,360 ಇನ್ನೂ ನಿಂತಿದೆ ಅಲ್ವಾ" ಎಂಬ ಉತ್ತರ ಬರುತ್ತದೆ. ಆಗ ಬೇಕಾದ್ದು ಹಣ ಅಲ್ಲ, ಒಡೆದ ಎರಡು ಪೈಪಿಗೆ ಅಷ್ಟು ಮೊತ್ತ ಇಳಿಸಿದ್ದಕ್ಕೆ ಅವರಿಂದ ಒಂದು ಕ್ರೆಡಿಟ್ ನೋಟ್. ಅದು ಬಂದರೆ ಅವರ ಪುಸ್ತಕದಲ್ಲೂ ಬಾಕಿ ಸೊನ್ನೆಯಾಗುತ್ತದೆ, ಹುಡುಗ ಮತ್ತೆ ಜೆರಾಕ್ಸ್ ಹಿಡಿದು ಬರುವುದಿಲ್ಲ.